ನೂರಕ್ಕೆ ಮೂವತ್ತು

ನಮ್ಮ ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡಿಕೊಳ್ಳುವವಳು ನಾನು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ ಎಂದು ಹುದ್ದೆಯ ಹೆಸರು. ಅಷ್ಟುದ್ದದ ಹೆಸರು ಯಾರ ಬಾಯಿಗೂ ಬರುವುದಿಲ್ಲ. ನಮ್ಮ ಕಡೆ ಸರಕಾರದ ಮಾಸಾಶನಕ್ಕೆ ಪಗಾರ, ಹೆಂಗಸರಿಗೆ ಮರ್ಯಾದೆಯಿಂದ ಬಾಯಿ ಅನ್ನುತ್ತಾರೆ, ಹಾಗಾಗಿ ನಾನು ಊರವರಿಗೆ ಪಗಾರದ ಬಾಯಿ. ಎಡಗಾಲಿಗೆ ಎಳವೆಯಲ್ಲೇ ಪೋಲಿಯೊ ಆಗಿದ್ದರಿಂದ ಈ ಕೆಲಸ ಸಿಕ್ಕಿತು. ಅಂಗವಿಕಲರನ್ನೇ ಇದಕ್ಕೆ ತೆಗೆದುಕೊಳ್ಳುತ್ತಾರೆ. ಯಾರಿಗೆ ಕಾರ್ಡು ಆಗಿಲ್ಲ, ಯಾರ ಪಗಾರ ನಿಂತಿದೆ, ಯಾರನ್ನು ದವಾಖಾನೆಗೆ ಕರೆದುಕೊಂಡು ಹೋಗಬೇಕು ಎಂದು ಮನೆ ಮನೆ ತಿರುಗುವುದೇ ನನ್ನ ದಿನ.

ಇಷ್ಟು ವರ್ಷಗಳಲ್ಲಿ ಎಷ್ಟೋ ಜನರನ್ನು ಡಾಕ್ಟರ ಮುಂದೆ ಕೂರಿಸಿದ್ದೇನೆ. ಕೆಲವರದು ಆಗಿದೆ, ಕೆಲವರದು ಆಗಿಲ್ಲ. ಆಗದೆ ಹೋದದ್ದಕ್ಕೆ ಮರುಗುತ್ತ ಕೂತರೆ ಈ ಕೆಲಸ ಮಾಡಲಾಗುವುದಿಲ್ಲ. ಆದರೂ ನಮ್ಮ ಪಕ್ಕದ ಮನೆಯ ಕಾಕಾನ ವಿಷಯ ಮನಸ್ಸಿನಿಂದ ಇಳಿಯುವುದೇ ಇಲ್ಲ.

ಕಾಕಾ ನಮಗೆ ರಕ್ತಸಂಬಂಧಿಯಲ್ಲ. ನಾರಾಯಣಪುರದಲ್ಲಿ ನಮ್ಮ ಮನೆ, ಅವರ ಮನೆಯ ಗೋಡೆ ಒಂದೇ. ಅವರ ತಂದೆ ಕುರಿ ಕಾಯುತ್ತಿದ್ದರು. ಕಾಕಾ ಮಾತ್ರ ಎಳೆಯ ವಯಸ್ಸಿನಲ್ಲೇ ಕುರಿ ಬಿಟ್ಟು ರೈತರ ಧಾನ್ಯ ಮಾರಿಸಿಕೊಡುವ ಹುಮನಾಬಾದಿನ ಅಡತಿ ಅಂಗಡಿಗಳಲ್ಲಿ ಹಮಾಲಿಗೆ ಹೋದರು. ಬೆಳಗಿನ ಬಸ್ಸಿಗೆ ನಮ್ಮ ತಾಲ್ಲೂಕು ಊರು ಕಲ್ಯಾಣಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿಗೆ ಹುಮನಾಬಾದಿಗೆ. ತೊಗರಿ, ಸೋಯಾ, ಕಡಲೆ ಚೀಲಗಳನ್ನು ಲಾರಿಯಿಂದ ಇಳಿಸುವುದು, ಲಾರಿಗೆ ಏರಿಸುವುದು. ಬೇರೆಯವರು ಬೆನ್ನ ಮೇಲೆ ಹೊರುತ್ತಿದ್ದರೆ ಕಾಕಾ ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಂಡು, ಚೀಲ ಹೊತ್ತು, ಲಾರಿಗೆ ಒರಗಿಸಿದ ಹಲಗೆಯ ಮೇಲೆ ಕೈಬಿಟ್ಟು ನಡೆದು ಹೋಗುತ್ತಿದ್ದರಂತೆ. ಅದನ್ನು ನಾನು ಕಣ್ಣಾರೆ ಕಂಡವಳಲ್ಲ. ಅವರ ಟೋಳಿಯ ಹಮಾಲರು ಹಬ್ಬಕ್ಕೆ ಮನೆಗೆ ಬಂದಾಗ ಹೇಳುತ್ತಿದ್ದರು, ಕಾಕಾ ತಲೆ ತಗ್ಗಿಸಿ ನಗುತ್ತಿದ್ದರು. ಆ ನಗೆಯಲ್ಲಿದ್ದ ಹೆಮ್ಮೆ ನನಗೆ ಈಗಲೂ ನೆನಪಿದೆ. ಓದಿಲ್ಲ, ಹೊಲವಿಲ್ಲ. ಅವರಿಗಿದ್ದದ್ದು ಆ ಕುತ್ತಿಗೆ ಮತ್ತು ಹೆಗಲು.

ಮೊದಲು ನನ್ನ ಹತ್ತಿರ ಬಂದು ಹೇಳಿದ್ದು ಕಾಕು, ಅವರ ಹೆಂಡತಿ. ಬಟ್ಟೆ ಒಗೆಯಲು ಹೋಗುವವಳು ಬಕೆಟ್ಟು ನಮ್ಮ ಹೊಸ್ತಿಲಲ್ಲಿ ಇಟ್ಟು ಕುಳಿತಳು. ರೊಟ್ಟಿ ಮುರಿಯುವಾಗ ಅವರ ಕೈಯಿಂದ ತುಂಡು ಜಾರಿ ಬೀಳುತ್ತದೆ, ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ, ಚಪ್ಪಲಿ ಕಾಲಿನಿಂದ ಕಳಚಿ ಹಿಂದೆ ಉಳಿದರೂ ಗೊತ್ತಾಗದೆ ಬರಿಗಾಲಲ್ಲಿ ಮನೆಗೆ ಬಂದಿದ್ದಾರೆ ಎಂದಳು. ಕುಡಿದು ಬಂದಿರಬೇಕು ಎಂದು ಅವಳು ಮೊದಲು ಜಗಳ ತೆಗೆದಿದ್ದಳಂತೆ. ಕುಡಿದಿರಲಿಲ್ಲ ಎಂದು ಗೊತ್ತಾದ ಮೇಲೆ ಹೆದರಿದ್ದಳು.

ನಾನು ಕಾಕಾನ ಹತ್ತಿರ ಮಾತು ತೆಗೆದರೆ ಅವರು ಹಾರಿಸಿಬಿಟ್ಟರು. ವಾತ ಅಂದರು, ಚಳಿ ಅಂದರು. ಕೊನೆಗೆ ಕಾಕುವೇ ಹಟ ಹಿಡಿದು ಕಲ್ಯಾಣದಲ್ಲಿ ಒಬ್ಬ ಮೂಳೆ ಡಾಕ್ಟರಿಗೆ ತೋರಿಸಿದಳು. ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಕುತ್ತಿಗೆಯ ಎಕ್ಸ್-ರೇ ತೆಗೆಸಿದರು. ಮಂಡಿಗೆ ಸಣ್ಣ ಸುತ್ತಿಗೆಯಿಂದ ಬಡಿದರೆ ಕಾಲು ಬೇಕಾದದ್ದಕ್ಕಿಂತ ಜೋರಾಗಿ ಚಿಮ್ಮಿತು. ಡಾಕ್ಟರ ಮುಖ ಗಂಭೀರವಾಯಿತು. ಕುತ್ತಿಗೆಯ ಮೂಳೆಗಳು ಸವೆದು ನಡುವಿನ ನರದ ಹುರಿಯನ್ನು ಒತ್ತುತ್ತಿರಬಹುದು, ಎಕ್ಸ್-ರೇಯಲ್ಲಿ ನರ ಕಾಣುವುದಿಲ್ಲ, ಎಂಆರ್‌ಐ ಮಾಡಿಸಲೇಬೇಕು, ಅದಕ್ಕೆ ಬೀದರಿಗೆ ಹೋಗಿ ಎಂದರು. ಕುತ್ತಿಗೆಗೆ ಪಟ್ಟಿ ಕೊಟ್ಟರು. ಇನ್ನು ಮೇಲೆ ತಲೆಯ ಮೇಲೆ ಒಂದು ಕೊಡ ನೀರೂ ಹೊರಬಾರದು ಎಂದು ಎರಡು ಸಲ ಹೇಳಿದರು.

ಕಾಕಾ ಹಮಾಲಿ ನಿಲ್ಲಿಸಿದರು. ಎಂಆರ್‌ಐಗೆ ಹೋಗಲಿಲ್ಲ. ಕುತ್ತಿಗೆ ಪಟ್ಟಿಯನ್ನು ಮನೆಯೊಳಗೆ ಹಾಕಿಕೊಳ್ಳುತ್ತಿದ್ದರು, ಹೊರಗೆ ಬರುವಾಗ ತೆಗೆದು ಗೂಟಕ್ಕೆ ಹಾಕುತ್ತಿದ್ದರು. ಕಾಕು ಕೂಲಿಗೆ ಹೋಗಲು ಶುರುಮಾಡಿದಳು. ಕಳೆ ತೆಗೆಯುವುದು, ಸೋಯಾ ಕೊಯ್ಯುವುದು, ಯಾರು ಕರೆದರೆ ಅವರ ಹೊಲಕ್ಕೆ. ಸಂಜೆ ಅವಳು ಬರುವ ಹೊತ್ತಿಗೆ ಕಾಕಾ ಕಟ್ಟೆಯಿಂದ ಎದ್ದು ಒಳಗೆ ಹೋಗುತ್ತಿದ್ದರು. ಹೆಂಡತಿ ದುಡಿದು ಬರುವುದನ್ನು ಓಣಿಯವರ ಎದುರು ನೋಡುತ್ತ ಕೂರಲು ಅವರಿಗೆ ಆಗುತ್ತಿರಲಿಲ್ಲ.

ಅವರಿಗೆ ಏನು ಸಿಗಬಹುದು ಎಂದು ನಾನು ವಿಚಾರಿಸಿದೆ. ಹಮಾಲರಿಗೆ ಒಬ್ಬ ಮಾಲಿಕ ಎಂದು ಇರುವುದಿಲ್ಲ. ಇವತ್ತು ಈ ಅಡತಿ, ನಾಳೆ ಆ ಅಡತಿ. ಹಾಗಾಗಿ ಕಾರ್ಖಾನೆಯ ಕೆಲಸಗಾರರಿಗೆ ಇರುವ ವಿಮೆ ಅವರಿಗಿಲ್ಲ. ಬ್ಯಾಂಕಿನ ಖಾತೆಯಿಂದ ವರ್ಷಕ್ಕೊಮ್ಮೆ ಕಡಿತವಾಗುವ ಅಪಘಾತ ವಿಮೆ ಒಂದಿತ್ತು. ಅಲ್ಲಿ ಕೇಳಿದರೆ ಅಪಘಾತ ಯಾವಾಗ ಆಯಿತು, ಎಲ್ಲಿ ಆಯಿತು ಎಂದರು. ದಿನಾ ಸವೆದ ಕುತ್ತಿಗೆಗೆ ಅಪಘಾತದ ದಿನವನ್ನು ಎಲ್ಲಿಂದ ತರುವುದು? ಉಳಿದದ್ದು ಅಂಗವಿಕಲರ ಪಗಾರ ಒಂದೇ. ಅದಕ್ಕೆ ದವಾಖಾನೆಯಲ್ಲಿ ಡಾಕ್ಟರು ನೋಡಿ, ಊನ ನೂರಕ್ಕೆ ಕನಿಷ್ಠ ನಲವತ್ತು ಇದೆ ಎಂದು ಬರೆದು ಕಾರ್ಡು ಕೊಡಬೇಕು. ಎಪ್ಪತ್ತೈದು ಅಥವಾ ಅದರ ಮೇಲಿದ್ದರೆ ಪಗಾರ ಇನ್ನೂ ಸ್ವಲ್ಪ ಹೆಚ್ಚು. ಆ ಕಾರ್ಡು, ಆದಾಯದ ಪತ್ರ, ಆಧಾರ್, ಬ್ಯಾಂಕಿನ ಖಾತೆ ಇಟ್ಟುಕೊಂಡು ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು.

ಇದನ್ನು ಹೇಳಲು ಹೋದ ದಿನ ಕಾಕಾ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಎಡಗಾಲಿಗೆ ಆಸರೆಯಾಗಿ ಕಟ್ಟಿಕೊಳ್ಳುವ ಕ್ಯಾಲಿಪರ್ ಸರಿಮಾಡಿಕೊಂಡು ಪಕ್ಕದಲ್ಲಿ ಕುಳಿತು ಎಲ್ಲವನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ನೆಲ ನೋಡುತ್ತ ಹೇಳಿದರು:

"ಅದು ನಿಮ್ಮಂಥೋರಿಗಿ ಅದ ಬಾಯಿ. ನನಗೇನ್ ಆಗ್ಯದ? ಕೈಕಾಲ್ ಎಲ್ಲಾ ಅವ."

ಹೇಳಿದ ಕೂಡಲೆ ಅವರಿಗೇ ಇರುಸುಮುರುಸಾಯಿತು. ಒಳಗೆ ತಿರುಗಿ, ಚಹಾ ಮಾಡು ಎಂದು ಕಾಕುವಿಗೆ ಕೂಗಿದರು. ನನಗೆ ಸಿಟ್ಟು ಬರಲಿಲ್ಲ. ಮನೆಯಲ್ಲಿ ಮಗಳಂತೆ ನೋಡಿಕೊಂಡವರು ಕೂಡ ನನ್ನ ಕಾಲನ್ನು ಒಳಗೊಳಗೆ ಏನೆಂದುಕೊಂಡಿದ್ದಾರೆ ಎಂದು ಹೀಗೆ ಒಮ್ಮೊಮ್ಮೆ ತಿಳಿಯುತ್ತದೆ. ಚಹಾ ಕುಡಿದು ಎದ್ದು ಬಂದೆ.

ಒಪ್ಪಿಸಿದ್ದು ಕಾಕು. ಹೇಗೆ ಒಪ್ಪಿಸಿದಳೋ ನನಗೆ ಗೊತ್ತಿಲ್ಲ. ಒಂದು ದಿನ ಇಬ್ಬರೂ ಆಧಾರ್ ಕಾರ್ಡು, ಫೋಟೋ, ಕಲ್ಯಾಣದ ಡಾಕ್ಟರು ಬರೆದ ಚೀಟಿ, ಎಕ್ಸ್-ರೇ ಎಲ್ಲ ಹಿಡಿದುಕೊಂಡು ಪಂಚಾಯಿತಿಗೆ ಬಂದರು. ನಾನು ಆನ್‌ಲೈನಿನಲ್ಲಿ ಅರ್ಜಿ ಹಾಕಿದೆ. ಕಲ್ಯಾಣದ ತಾಲ್ಲೂಕು ದವಾಖಾನೆಗೆ ಬರುವಂತೆ ಕರೆ ಬಂತು. ಎಂಆರ್‌ಐ ಇದ್ದರೆ ಒಳ್ಳೆಯದಿತ್ತು ಎಂದು ನಾನು ಮತ್ತೆ ಹೇಳಿದೆ. ಇಷ್ಟು ಸಾಕು ಎಂದರು ಕಾಕಾ.

ಹೋಗುವ ಹಿಂದಿನ ದಿನ ನಾನು ಎಲ್ಲರಿಗೂ ಹೇಳುವ ಮಾತನ್ನೇ ಅವರಿಗೂ ಹೇಳಿದೆ. ಇಲ್ಲದ್ದನ್ನು ಹೇಳಬೇಡಿ, ಇದ್ದದ್ದನ್ನು ಮುಚ್ಚಬೇಡಿ. ಮನೆಯಲ್ಲಿ ಹೇಗೆ ನಡೆಯುತ್ತೀರೋ ಅಲ್ಲಿಯೂ ಹಾಗೇ ನಡೆಯಿರಿ. ಯಾವುದನ್ನು ಕಾಕು ಮಾಡಿಕೊಡುತ್ತಾಳೋ ಅದನ್ನು ಕಾಕು ಮಾಡಿಕೊಡುತ್ತಾಳೆ ಎಂದೇ ಹೇಳಿರಿ. ಅವರು ಹೂಂ ಎಂದರು.

ಮರುದಿನ ಕಾಕಾ ಮನೆಯಿಂದ ಹೊರಬಂದರು. ಗಡ್ಡ ಬೋಳಿಸಿಕೊಂಡಿದ್ದರು. ತೊಳೆದ ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ, ತಲೆಗೆ ರುಮಾಲು. ಸೋದರಳಿಯನಿಗೆ ಹೆಣ್ಣು ನೋಡಲು ಹೊರಟವರ ಹಾಗಿದ್ದರು. ಅಲ್ಲಿಯವರೆಗೆ ಊರಿಕೊಂಡು ಬಂದಿದ್ದ ಬಡಿಗೆಯನ್ನು ದವಾಖಾನೆಯ ಬಾಗಿಲಲ್ಲಿ ಕಾಕುವಿನ ಕೈಗೆ ಕೊಟ್ಟುಬಿಟ್ಟರು. ಅವಳು ಬೇಡವೆಂದರೂ ಕೇಳಲಿಲ್ಲ.

ಒಳಗಿದ್ದ ಮೂಳೆ ಡಾಕ್ಟರು ಬೇರೆಯವರು, ನಿಧಾನದ ಮನುಷ್ಯ. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವಸರ ಮಾಡಲಿಲ್ಲ. ಕಾಕಾನ ಹೆಸರು ಕೇಳಿ, ಕೂರಿಸಿ, ತಮ್ಮ ಬೆರಳು ಹಿಚುಕಲು ಹೇಳಿದರು. ಕಾಕಾ ಹಲ್ಲು ಕಚ್ಚಿಕೊಂಡು ಹಿಚುಕಿದರು. ಕೈ ಮೇಲೆತ್ತಿ ಎಂದರೆ ಎತ್ತಿದರು. ಕಾಲಿನಿಂದ ತಮ್ಮ ಕೈ ತಳ್ಳಲು ಹೇಳಿದರೆ, ಮೈಯಲ್ಲಿದ್ದ ಬಲವನ್ನೆಲ್ಲ ತಂದು ತಳ್ಳಿದರು. ಕುತ್ತಿಗೆಯ ನರ ಉಬ್ಬಿ, ಹಣೆಯ ಮೇಲೆ ಬೆವರು ಬಂತು. ನಡೆದು ತೋರಿಸಿ ಎಂದಾಗ ನಾಲ್ಕು ಹೆಜ್ಜೆ ಆ ಗೋಡೆಯವರೆಗೆ ಹೋಗಿ, ನಾಲ್ಕು ಹೆಜ್ಜೆ ಈ ಕಡೆ ಬಂದರು. ಅವರು ನೆಲದ ಮೇಲಿಂದ ಕಣ್ಣು ತೆಗೆಯದೆ ನಡೆದದ್ದು ನನಗೆ ಕಾಣುತ್ತಿತ್ತು. ಆ ಹಲಗೆಯ ಮೇಲೂ ಹೀಗೆಯೇ ನಡೆಯುತ್ತಿದ್ದರೇನೋ. ಎದುರಿಗೆ ಓದಿದವರೊಬ್ಬರು ಕುಳಿತು ನಿನ್ನ ಬಲ ತೋರಿಸು ಎಂದಾಗ ಬಲ ತೋರಿಸುವುದೊಂದೇ ಅವರಿಗೆ ಗೊತ್ತಿದ್ದದ್ದು.

ಡಾಕ್ಟರು ಮನೆಯ ಕೆಲಸದ ಬಗ್ಗೆ ಕೇಳಿದರು. ಸ್ನಾನ ಯಾರು ಮಾಡಿಸುತ್ತಾರೆ, ಊಟ ಸ್ವತಃ ಮಾಡುತ್ತೀರಾ, ಗುಂಡಿ ಯಾರು ಹಾಕುತ್ತಾರೆ.

"ಎಲ್ಲಾ ನಾನೇ ಮಾಡ್ಕೋತೀನ್ರಿ ಸಾಹೇಬ್ರ," ಎಂದರು ಕಾಕಾ.

ಬಾಗಿಲ ಹತ್ತಿರ ಬಡಿಗೆ ಹಿಡಿದು ನಿಂತಿದ್ದ ಕಾಕು ತಡೆಯಲಾರದೆ ಒಂದು ಹೆಜ್ಜೆ ಮುಂದೆ ಬಂದಳು. "ಇಲ್ರಿ ಸಾಹೇಬ್ರ. ಗುಂಡಿ ನಾ ಹಾಕ್ತೀನಿ. ಇವತ್ತೂ ನಾನೇ ಹಾಕೀನಿ."

ಕಾಕಾ ತಿರುಗಿ ಅವಳನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿಗಿಂತ ಅಂಗಲಾಚುವಿಕೆಯೇ ಹೆಚ್ಚಾಗಿತ್ತು. ಕಾಕು ಸೆರಗು ಬಾಯಿಗೆ ಹಿಡಿದು ಹಿಂದೆ ಸರಿದಳು. ಡಾಕ್ಟರು ಒಂದು ಗುಂಡಿ ಬಿಚ್ಚಿ ಹಾಕಿ ನೋಡೋಣ ಎಂದರು. ಕಾಕಾ ಬಲಗೈಯಿಂದ ತಡವರಿಸಿ ಬಿಚ್ಚಿದರು. ಹಾಕುವುದಕ್ಕೆ ಬಹಳ ಹೊತ್ತು ಹಿಡಿಯಿತು, ಆದರೂ ಹಾಕಿಯೇಬಿಟ್ಟರು. ತಲೆಯೆತ್ತಿ ಡಾಕ್ಟರನ್ನು ನೋಡಿ ನಕ್ಕರು.

ಡಾಕ್ಟರಿಗೆ ಅನುಮಾನ ಬಂದಿತ್ತು ಎಂದೇ ನನ್ನ ಭಾವನೆ. ಚೀಟಿ ನೋಡಿದರು, ಎಕ್ಸ್-ರೇ ಬೆಳಕಿಗೆ ಹಿಡಿದರು. ಎಂಆರ್‌ಐ ಮಾಡಿಸಿಕೊಂಡು ಬನ್ನಿ, ಅದು ಬಂದ ಮೇಲೆ ಬರೆಯುತ್ತೇನೆ, ಈಗ ಬರೆದರೆ ಕಡಿಮೆ ಬರುತ್ತದೆ ಎಂದು ಬಿಡಿಸಿ ಹೇಳಿದರು. ಬೀದರಿಗೆ ಚೀಟಿ ಕೊಡುತ್ತೇನೆ ಎಂದೂ ಹೇಳಿದರು. ನಾನು ಕೊಡಿ ಸರ್ ಎನ್ನುವಷ್ಟರಲ್ಲಿ ಕಾಕಾ ಎದ್ದು ನಿಂತು ಕೈ ಮುಗಿದರು. ಮತ್ತೆ ಮತ್ತೆ ಬರುವುದು ಆಗುವುದಿಲ್ಲ, ಏನಿದೆಯೋ ಅಷ್ಟು ಬರೆದುಬಿಡಿ ಎಂದರು. ಎದುರಿಗೆ ಇದ್ದದ್ದನ್ನು ಅಳೆದು ಅವರು ಬರೆದರು.

ಕಾರ್ಡು ಬಂತು. ನೂರಕ್ಕೆ ಮೂವತ್ತು.

ನಾಡಕಚೇರಿಗೆ ಹೋಗುವ ಅಗತ್ಯವೇ ಇರಲಿಲ್ಲ. ಮೂವತ್ತಕ್ಕೆ ಪಗಾರವಿಲ್ಲ. ಮೇಲಿನವರಿಗೆ ಮೇಲ್ಮನವಿ ಹಾಕಬಹುದು, ಇಲ್ಲವೇ ಎಂಆರ್‌ಐ ಮಾಡಿಸಿ ಮತ್ತೊಮ್ಮೆ ತಪಾಸಣೆ ಕೇಳಬಹುದು ಎಂದು ಹೇಳಲು ನಾನು ಅವರ ಮನೆಗೆ ಹೋದೆ. ಮುಖ ಸಣ್ಣದು ಮಾಡಿಕೊಂಡಿರುತ್ತಾರೆ ಎಂದುಕೊಂಡಿದ್ದೆ. ಕಾಕಾ ಆವತ್ತು ಎಷ್ಟೋ ತಿಂಗಳ ಮೇಲೆ ಗೆಲುವಾಗಿದ್ದರು. ಎದುರು ಮನೆಯ ಅವ್ವನಿಗೆ ಕಾರ್ಡು ತೋರಿಸುತ್ತಿದ್ದರು.

"ನೋಡವ್ವಾ, ಮೂವತ್ತು ಪೈಸಾ ಹೋಗ್ಯದ. ಎಪ್ಪತ್ತು ಅದಲ್ಲ ಇನ್ನಾ. ಡಾಕ್ಟರೇ ಬರ್ದು ಕೊಟ್ಟಾರ."

ಅದು ಹಾಗಲ್ಲ ಎಂದು ನಾನು ಹೇಳಿದೆ. ಕೈಕಾಲು ಎಷ್ಟು ಆಡುತ್ತವೆ, ಎಷ್ಟು ಬಲವಿದೆ ಎಂದು ಅಳೆದು ಬರೆದ ಲೆಕ್ಕ ಇದು. ಚೀಲ ಹೊರಬಹುದೋ ಬಾರದೋ ಎಂದು ಇದರಲ್ಲಿ ಬರೆದಿಲ್ಲ. ಕುತ್ತಿಗೆಯೊಳಗೆ ನರ ಹೇಗಿದೆ ಎಂದು ಯಾರೂ ನೋಡಿಯೇ ಇಲ್ಲ. ಪಗಾರ ಇಲ್ಲ ಎಂದರೆ ಮೈ ಗಟ್ಟಿಯಿದೆ ಎಂದು ಅರ್ಥವಲ್ಲ ಕಾಕಾ. ಮೊದಲಿನ ಡಾಕ್ಟರು ಭಾರ ಹೊರಬಾರದೆಂದು ಹೇಳಿದ್ದು ಹಾಗೆಯೇ ಇದೆ. ನಾನು ಎಷ್ಟು ರೀತಿಯಲ್ಲಿ ಹೇಳಬಹುದೋ ಅಷ್ಟು ರೀತಿಯಲ್ಲಿ ಹೇಳಿದೆ. ಅವರು ತಲೆಯಾಡಿಸುತ್ತಿದ್ದರು. ಆದರೆ ಕಾರ್ಡಿನ ಮೇಲಿನ ಆ ಅಂಕಿ ಅವರ ಮಟ್ಟಿಗೆ ತೀರ್ಪಾಗಿಬಿಟ್ಟಿತ್ತು. ಸರಕಾರವೇ ನೀನು ದುಡಿಯಬಲ್ಲೆ ಎಂದು ಹೇಳಿದೆ, ಇನ್ನು ಮನೆಯಲ್ಲಿ ಕೂತರೆ ಮೈಗಳ್ಳನಾಗುತ್ತೇನೆ ಎಂದು ಆಮೇಲೆ ಕಾಕುವಿಗೆ ಹೇಳಿದ್ದರಂತೆ.

ತೊಗರಿಯ ಸುಗ್ಗಿ ಬಂತು. ಹುಮನಾಬಾದಿನ ಅಡತಿಗಳ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟುವ ಕಾಲ. ಟೋಳಿಯವರು ಬಾ ಎಂದರು. ಅವರದೂ ತಪ್ಪಲ್ಲ; ಕಾಕಾ ಆರಾಮಾಗಿದ್ದಾರೆ ಎಂದು ಅವರಿಗೆ ತಿಳಿಸಿದವರು ಕಾಕಾನೇ. ಮೊದಮೊದಲು ಚೀಲಕ್ಕೆ ಕೊಂಡಿ ಹಾಕಿ ಎಳೆಯುವುದು, ತೂಕದ ಹತ್ತಿರ ನಿಲ್ಲುವುದು ಇಂಥ ಹಗುರ ಕೆಲಸ ಮಾಡಿದರು. ಆಮೇಲೆ ಬೆನ್ನಿನ ಮೇಲೆ ಹೊತ್ತರು. ಆಮೇಲೆ ಸಿಂಬಿ ಮತ್ತೆ ತಲೆಗೆ ಬಂತು. ಸಂಜೆ ಬಸ್ಸಿಳಿದು ಬರುವಾಗ ಅವರ ನಡಿಗೆ ನೋಡಿ ಕಾಕು ನನ್ನ ಮುಖ ನೋಡುತ್ತಿದ್ದಳು. ನಾನು ಅವಳ ಮುಖ ನೋಡುತ್ತಿದ್ದೆ. ಬೇಡವೆಂದು ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದೆವು, ಸೇರಿಯೂ ಹೇಳಿದ್ದೆವು. ಆದರೆ ಅವರು ರಾತ್ರಿ ಊಟಕ್ಕೆ ಕೂತು ಮೊದಲಿನಂತೆ ಮಾತಾಡುತ್ತಿದ್ದರು. ಕಾಕುವಿಗೆ ಕೂಲಿ ಬಿಡು ಎಂದಿದ್ದರು. ಅಷ್ಟು ಸಂತೋಷದಲ್ಲಿದ್ದ ಮನುಷ್ಯನನ್ನು ಬಾಗಿಲಲ್ಲಿ ಅಡ್ಡಗಟ್ಟಿ ನಿಲ್ಲಿಸುವುದು ಸುಲಭವಲ್ಲ.

ಅವರು ಬೀಳಲಿಲ್ಲ. ಬಿದ್ದರು ಎಂದು ಊರಲ್ಲಿ ಹೇಳುತ್ತಾರೆ, ಅದು ಸರಿಯಲ್ಲ. ಜೊತೆಗಿದ್ದ ಹಮಾಲರು ನನಗೆ ಹೇಳಿದ್ದು ಹೀಗೆ: ಚೀಲ ಇಳಿಸಿ, ನೀರು ಕುಡಿಯಲು ಅಡತಿಯ ಕಟ್ಟೆಯ ಮೇಲೆ ಕುಳಿತರು. ಮುಂದಿನ ಗಾಡಿ ಬಂದಾಗ ಏಳಲು ಹೋದರೆ ಕಾಲು ಏಳಲಿಲ್ಲ. ಹಾಸ್ಯ ಮಾಡುತ್ತಿದ್ದಾರೆ ಎಂದು ಅವರೆಲ್ಲ ನಕ್ಕರಂತೆ. ಕಾಕಾ ಮತ್ತೆ ಏಳಲು ನೋಡಿದರು. ಆಮೇಲೆ ಯಾರೂ ನಗಲಿಲ್ಲ.

ಹುಮನಾಬಾದಿನ ದವಾಖಾನೆಯಿಂದ ಬೀದರಿಗೆ ಕಳಿಸಿದರು. ಅಲ್ಲಿ ಕಡೆಗೂ ಎಂಆರ್‌ಐ ಆಯಿತು. ಡಾಕ್ಟರು ಫಿಲ್ಮನ್ನು ಕಾಕುವಿಗೂ ನನಗೂ ತೋರಿಸಿದರು. ಕುತ್ತಿಗೆಯ ನಡುವೆ ಬೆಳ್ಳಗೆ ಇಳಿದು ಬರುವ ಹುರಿ ಒಂದು ಕಡೆ ಚಿವುಟಿದಂತೆ ಸಣ್ಣಗಾಗಿತ್ತು. ಇದು ಒಂದೆರಡು ತಿಂಗಳದ್ದಲ್ಲ, ಬಹಳ ದಿನದ್ದು, ಇತ್ತೀಚಿನ ಭಾರ ಅದನ್ನು ಇನ್ನಷ್ಟು ಒತ್ತಿದೆ ಎಂದರು. ಆಪರೇಷನ್ ಮಾಡಿದರೆ ಇನ್ನೂ ಕೆಡದಂತೆ ತಡೆಯಬಹುದು, ಹೋದದ್ದು ಎಷ್ಟು ತಿರುಗಿ ಬರುತ್ತದೆ ಎಂದು ಈಗ ಹೇಳಲಾಗುವುದಿಲ್ಲ ಎಂದೂ ಹೇಳಿದರು. ಮೊದಲೇ ಬಂದಿದ್ದರೆ ಎಂದು ಕಾಕು ಕೇಳಿದಳು. ಡಾಕ್ಟರು ಫಿಲ್ಮನ್ನು ಲಕೋಟೆಯೊಳಗೆ ಹಾಕುತ್ತ, ಈಗ ಅದನ್ನು ಯೋಚನೆ ಮಾಡಬೇಡಮ್ಮ ಎಂದರು. ಅದಕ್ಕಿಂತ ಸ್ಪಷ್ಟವಾದ ಉತ್ತರ ಅವಳಿಗೆ ಬೇಕಿರಲಿಲ್ಲ.

ರೇಷನ್ ಕಾರ್ಡಿನ ಮೇಲೆ ಖರ್ಚಿಲ್ಲದೆ ಆಪರೇಷನ್ ಆಯಿತು. ಕಾಕಾ ಮನೆಗೆ ಬಂದಾಗ ಕೈಗಳಲ್ಲಿ ಹಿಡಿತವಿರಲಿಲ್ಲ. ಕಾಲುಗಳು ಸೆಟೆದು, ಎರಡು ಕಡೆ ಇಬ್ಬರು ಹಿಡಿದರೆ ಮಾತ್ರ ನಿಲ್ಲುತ್ತಿದ್ದರು. ನಾನು ತಕ್ಷಣ ಅರ್ಜಿ ಹಾಕಲಿಲ್ಲ. ಇಂಥದರಲ್ಲಿ ಆಪರೇಷನ್ ಆದ ಕೂಡಲೇ ಅಳೆಯುವುದಿಲ್ಲ. ಚೇತರಿಕೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಕೆಲವು ತಿಂಗಳು ಕಾಯುತ್ತಾರೆ. ಆ ತಿಂಗಳುಗಳನ್ನು ಕಾಕು ಹೇಗೆ ದಾಟಿಸಿದಳೋ. ಬೆಳಿಗ್ಗೆ ಅವರಿಗೆ ಸ್ನಾನ ಮಾಡಿಸಿ, ಉಣಿಸಿ, ಹಾಸಿಗೆಯ ಮೇಲೆ ಕೂರಿಸಿ ಹೊಲಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನ ನಮ್ಮವ್ವ ಹೋಗಿ ನೋಡಿ ಬರುತ್ತಿದ್ದಳು.

ಎರಡನೆಯ ತಪಾಸಣೆ ಬೀದರಿನ ದೊಡ್ಡ ದವಾಖಾನೆಯಲ್ಲಿ. ಈ ಸಲ ಕಾಗದಗಳು ದಪ್ಪಗಿದ್ದವು. ಎಂಆರ್‌ಐ ಫಿಲ್ಮು ಮತ್ತು ಅದರ ವರದಿ, ಆಪರೇಷನ್ ಮಾಡಿದವರು ಕೊಟ್ಟ ಡಿಸ್ಚಾರ್ಜ್ ಪತ್ರ, ಆಮೇಲೆ ತೋರಿಸಿದಾಗಿನ ಚೀಟಿಗಳು, ಹಳೆಯ ಕಾರ್ಡು. ಗಾಲಿಕುರ್ಚಿಯಲ್ಲಿ ಕಾಕಾ. ಗಡ್ಡ ಬೆಳೆದಿತ್ತು. ತಲೆಗೆ ರುಮಾಲು ಇರಲಿಲ್ಲ.

ಅಲ್ಲಿಯೂ ಅದೇ ಪ್ರಶ್ನೆಗಳು. ಬೆರಳು ಹಿಚುಕಿ. ಕೈ ಎತ್ತಿ. ಕಾಲಿನಿಂದ ತಳ್ಳಿ. ಕಾಕಾ ಹೇಳಿದಷ್ಟನ್ನು ಮಾಡಿದರು, ಆದಷ್ಟೇ ಆಯಿತು. ಡಾಕ್ಟರಮ್ಮ ಬರೆದುಕೊಳ್ಳುತ್ತ ಕೇಳಿದರು: "ಸ್ನಾನ, ಊಟ, ಅಂಗಿ ಹಾಕಿಕೊಳ್ಳೋದು ಯಾರು ಮಾಡಿಸ್ತಾರೆ?"

ಕಾಕಾ ಕಾಕುವಿನ ಕಡೆ ನೋಡಲಿಲ್ಲ. "ಎಲ್ಲಾ ಅಕಿನೇ ಮಾಡ್ತಾಳ್ರಿ," ಎಂದರು. ಸ್ವಲ್ಪ ತಡೆದು ಮತ್ತೆ ಹೇಳಿದರು: "ಮೊದಲಿಂದಾನೂ ಅಕಿನೇ ಮಾಡ್ತಿದ್ಳು."

ಕಾಕು ಹೊರಗೆ ಹೋದಳು. ನಾನು ಅವಳ ಹಿಂದೆ ಹೋಗಲಿಲ್ಲ.

ಎಪ್ಪತ್ತೆಂಟು ಎಂದು ಬರೆದರು. ಚೇತರಿಕೆ ಇನ್ನೂ ಆಗಬಹುದಾದ್ದರಿಂದ ಕಾಯಂ ಎಂದು ಬರೆಯಲಿಲ್ಲ; ಕೆಲವು ವರ್ಷಗಳ ಮೇಲೆ ಮತ್ತೆ ತೋರಿಸಬೇಕು. ಆ ಕಾರ್ಡಿನ ಮೇಲೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟೆವು. ಗ್ರಾಮ ಲೆಕ್ಕಿಗರು ಮನೆಗೆ ಬಂದು ನೋಡಿ ಹೋದರು, ತಹಶೀಲ್ದಾರರ ಆದೇಶ ಬಂತು, ಪಗಾರ ಖಾತೆಗೆ ಬರತೊಡಗಿತು. ಯಾರೂ ಅಡ್ಡಿ ಮಾಡಲಿಲ್ಲ, ಯಾರೂ ಸತಾಯಿಸಲಿಲ್ಲ. ನಾನು ಮಾಡಿಸಿಕೊಟ್ಟ ಅರ್ಜಿಗಳಲ್ಲಿ ಇಷ್ಟು ಸರಾಗವಾಗಿ ಆದದ್ದು ಕಡಿಮೆ. ಆದೇಶದ ಪ್ರತಿ ಕೊಡಲು ಹೋದ ದಿನ ಕಾಕು ಅದನ್ನು ತೆಗೆದುಕೊಂಡು ಅರಿಸಿನ ಕುಂಕುಮದ ಗೂಡಿನಲ್ಲಿಟ್ಟಳು. ನನಗೆ ಒಂದು ಬಟ್ಟಲು ಸಕ್ಕರೆ ತಂದಳು. ತಿನ್ನುವುದೋ ಬಿಡುವುದೋ ತಿಳಿಯದೆ ಕೈಯಲ್ಲಿ ಹಿಡಿದುಕೊಂಡು ಕುಳಿತೆ.

ಆಗಲೇ ಕಲ್ಯಾಣದಲ್ಲಿ ಕಾಕಾ ಇದ್ದದ್ದು ಇದ್ದಂತೆ ಹೇಳಿದ್ದರೆ ನಲವತ್ತು ಬರುತ್ತಿತ್ತೇ? ಖಂಡಿತ ಎಂದು ನಾನು ಹೇಳಲಾರೆ. ಬರದೆಯೂ ಇರಬಹುದಿತ್ತು. ಆದರೆ ಆ ಡಾಕ್ಟರ ಚೀಟಿ ಹಿಡಿದು ಬೀದರಿಗೆ ಹೋಗಿ ಎಂಆರ್‌ಐ ಮಾಡಿಸಿದ್ದರೆ ಕುತ್ತಿಗೆಯೊಳಗಿನದು ಆಗಲೇ ಕಾಣುತ್ತಿತ್ತು. ಆಮೇಲೆ ಯಾರೂ ಅವರ ತಲೆಯ ಮೇಲೆ ಚೀಲ ಇಡುತ್ತಿರಲಿಲ್ಲ. ಪಗಾರಕ್ಕಾಗಿ ಹುಡುಕಿದ ಪುರಾವೆ ಅವರ ಕಾಲನ್ನೂ ಉಳಿಸಬಹುದಿತ್ತು. ಕಾಲು ಹೋದ ಮೇಲೆ ಆ ಪುರಾವೆ ಸಿಕ್ಕಿತು. ಇದನ್ನು ನಾನು ಅವರ ಮನೆಯಲ್ಲಿ ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ಹೇಳಿ ಆಗಬೇಕಾದದ್ದೇನು.

ಈಗ ಕಾಕಾ ಸ್ವಲ್ಪ ಪರವಾಗಿಲ್ಲ. ವಾರಕ್ಕೊಮ್ಮೆ ಕಲ್ಯಾಣದ ದವಾಖಾನೆಯಲ್ಲಿ ವ್ಯಾಯಾಮ ಮಾಡಿಸುತ್ತಾರೆ, ಉಳಿದ ದಿನ ಮನೆಯಲ್ಲಿ. ಅಂಗಳದಲ್ಲಿ ಎರಡು ಕಂಬ ನೆಟ್ಟು ನಡುವೆ ಬಿದಿರು ಕಟ್ಟಿಸಿದ್ದೇವೆ. ಅದನ್ನು ಮೊಣಕೈಯಿಂದ ಅಪ್ಪಿ ಹಿಡಿದು ನಿಲ್ಲುತ್ತಾರೆ, ಒಂದೊಂದು ದಿನ ಆ ತುದಿಯವರೆಗೂ ಹೋಗುತ್ತಾರೆ.

ಮೊನ್ನೆ ಹೋದಾಗ ಕಾಕು ನನ್ನನ್ನು ಒಲೆಯ ಹತ್ತಿರ ಕರೆದು ದನಿ ತಗ್ಗಿಸಿ ಕೇಳಿದಳು. ಹಿಂಗ ನಡೀಲಾಕ ಬಂದ್ರ, ಮುಂದ ತೋರ್ಸಾಕ ಹೋದಾಗ ಪಗಾರ ತೆಗೀತಾರೇನು? ನಾನು ಇದ್ದದ್ದನ್ನೇ ಹೇಳಿದೆ. ಎಪ್ಪತ್ತೈದರ ಕೆಳಗೆ ಬಂದರೆ ಕಡಿಮೆಯಾಗುತ್ತದೆ. ನಲವತ್ತರ ಕೆಳಗೆ ಇಳಿದರೆ ನಿಲ್ಲುತ್ತದೆ. ಅಷ್ಟು ಸುಧಾರಿಸುವುದು ಕಷ್ಟ, ಸುಧಾರಿಸಿದರೆ ಒಳ್ಳೆಯದೇ ಅಲ್ಲವೇ ಎಂದೆ. ಅವಳು ಒಲೆಯಲ್ಲಿ ಕಟ್ಟಿಗೆ ಮುಂದೆ ತಳ್ಳಿ, ಒಳ್ಳೆಯದೇ ಎಂದಳು.

ಮಾತು ಹೊರಗೆ ಕೇಳಿಸಿತ್ತು. ನಾನು ಅಂಗಳಕ್ಕೆ ಬಂದಾಗ ಕಾಕಾ ಬಿದಿರು ಹಿಡಿದು ನಿಂತಿದ್ದರು. ನಡೆಯುವುದನ್ನೇ ನಿಲ್ಲಿಸಿಬಿಡುತ್ತಾರೇನೋ ಎಂದು ಅವರನ್ನೇ ನೋಡಿದೆ. ಬಲಗಾಲನ್ನು ಎಳೆದು ಮುಂದಿಟ್ಟರು, ನಿಂತು ಉಸಿರು ತೆಗೆದುಕೊಂಡರು, ಆಮೇಲೆ ಎಡಗಾಲನ್ನು ಎಳೆಯತೊಡಗಿದರು.